ಒತ್ತಕ್ಷರ ಬೇರೆಯಾಗದ ಸ್ಟಿಕರ್ ಹಾಳೆ: ಕತ್ತರಿಕೆಯ ರೇಖೆ ಮತ್ತು ಅಂಚಿನ ಲೆಕ್ಕ

ಜೂನ್ ತಿಂಗಳಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುವುದು, ಅದರ ಮೇಲೆ ಹೆಸರು ಮತ್ತು ವಿಷಯದ ಚೀಟಿ ಅಂಟಿಸುವುದು ನಮ್ಮೆಲ್ಲರ ಮನೆಗಳಲ್ಲಿಯೂ ನಡೆಯುವ ಕೆಲಸ. ಗಡಿಯಾಚೆಯ ಊರುಗಳ ಅಂಗಡಿಗಳಲ್ಲಿ ಈ ಚೀಟಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೋ ಆಯಾ ರಾಜ್ಯದ ಭಾಷೆಯಲ್ಲಿಯೋ ಇರುತ್ತವೆ. ‘ಗಣಿತ’, ‘ವಿಜ್ಞಾನ’, ‘ಸಮಾಜ ವಿಜ್ಞಾನ’ ಎಂದು ಕನ್ನಡದಲ್ಲಿ ಅಂದವಾಗಿ ಮುದ್ರಿಸಿದ, ಅಕ್ಷರದ ಆಕಾರಕ್ಕೇ ಕತ್ತರಿಸಿದ ಸ್ಟಿಕರ್ ಬೇಕೆಂದರೆ ಯಾರಾದರೂ ಮಾಡಿಕೊಡಬೇಕು. ಮನೆಯಲ್ಲಿಯೇ ಒಂದು ಮುದ್ರಕ ಮತ್ತು ಸಣ್ಣ ಕತ್ತರಿಸುವ ಯಂತ್ರವನ್ನು ಇಟ್ಟುಕೊಂಡವರು, ಅಥವಾ ಕಡತವನ್ನು ಮನೆಯಲ್ಲಿ ಸಿದ್ಧಪಡಿಸಿ ಪೇಟೆಯ ಸ್ಟಿಕರ್ ಅಂಗಡಿಯಲ್ಲಿ ಕತ್ತರಿಸಿ ತರುವವರು, ಈ ಕೆಲಸವನ್ನು ಒಂದು ಕಿರು ಉದ್ಯಮವಾಗಿ ನಡೆಸಬಹುದು. ಆದರೆ ಅದರಲ್ಲಿ ಹಣ ಕೈಸೇರುವುದೋ ಹಾಳಾದ ಹಾಳೆಗಳ ರಾಶಿ ಬೆಳೆಯುವುದೋ ಎಂಬುದು ಬಹುಮಟ್ಟಿಗೆ ಒಂದೇ ಸಂಗತಿಯ ಮೇಲೆ ನಿಂತಿದೆ. ಅಕ್ಷರದಿಂದ ಎಷ್ಟು ದೂರದಲ್ಲಿ ಅಲಗು ಸಾಗಬೇಕು ಎಂಬುದೇ ಆ ಸಂಗತಿ. ಈ ಲೇಖನದಲ್ಲಿ ನಾವು ಅದನ್ನೇ ಹಿಡಿದು, ‘ವಿಜ್ಞಾನ’ ಎಂಬ ಒಂದು ಪದವನ್ನು ಮುಂದಿಟ್ಟುಕೊಂಡು ವಿವರಿಸುತ್ತೇವೆ.

ಮೊದಲು ಹೆಸರುಗಳು. ಸ್ಟಿಕರ್ ಹಾಳೆ ಎಂದರೆ ಎರಡು ಪದರ: ಮೇಲೆ ಅಂಟು ಬಳಿದ ಕಾಗದ ಅಥವಾ ವಿನೈಲ್, ಕೆಳಗೆ ಅಂಟು ಹಿಡಿಯದಂತೆ ನುಣುಪಾಗಿಸಿದ ಹಿಂಬದಿಯ ಕಾಗದ. ಮೇಲಿನ ಪದರವನ್ನು ಮಾತ್ರ ಕತ್ತರಿಸಿ ಹಿಂಬದಿಯನ್ನು ಹಾಗೆಯೇ ಬಿಟ್ಟರೆ ಅದನ್ನು ಅಂಗಡಿಯವರು ಹಾಫ್ ಕಟ್ ಎನ್ನುತ್ತಾರೆ. ಯಂತ್ರದ ಪುಸ್ತಕಗಳಲ್ಲಿ ಅದಕ್ಕೆ ಕಿಸ್ ಕಟ್ ಎಂಬ ಹೆಸರೂ ಉಂಟು. ಎರಡು ಪದರಗಳನ್ನೂ ಸೀಳಿ ಬಿಡಿಯಾಗಿ ತೆಗೆದರೆ ಅದು ಫುಲ್ ಕಟ್. ಡೈ ಎಂಬ ಮಾತು ಬಂದದ್ದು ಹಳೆಯ ಮುದ್ರಣಾಲಯಗಳಿಂದ. ಉಕ್ಕಿನ ಪಟ್ಟಿಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಮರದ ಹಲಗೆಯಲ್ಲಿ ಕೂರಿಸಿ, ಕಾಗದದ ಮೇಲೆ ಒತ್ತಿ ಕತ್ತರಿಸುವ ಡೈ ಪಂಚಿಂಗ್ ಇಂದಿಗೂ ಲಗ್ನಪತ್ರಿಕೆ ಮತ್ತು ಪೆಟ್ಟಿಗೆಗಳ ಕೆಲಸದಲ್ಲಿ ನಡೆಯುತ್ತಿದೆ. ಒಂದೇ ಆಕಾರದ ಸಾವಿರಾರು ಪ್ರತಿ ಬೇಕಾದವರಿಗೆ ಅದು ಅಗ್ಗ. ಹತ್ತು ಮಕ್ಕಳಿಗೆ ಹತ್ತು ಬಗೆಯ ಹಾಳೆ ಮಾಡುವವರಿಗೆ ಅಚ್ಚಿನ ಖರ್ಚು ಹೊರೆ. ಅವರ ಕೆಲಸಕ್ಕೆ ಗಣಕಯಂತ್ರ ಕೊಟ್ಟ ರೇಖೆಯ ಮೇಲೆ ಸಣ್ಣ ಅಲಗನ್ನು ಎಳೆದುಕೊಂಡು ಹೋಗುವ ಕಟಿಂಗ್ ಪ್ಲಾಟರ್ ಸಾಕು. ಅಚ್ಚಿಲ್ಲದಿದ್ದರೂ ಹಳೆಯ ಹೆಸರು ಉಳಿದುಕೊಂಡಿದೆ.

ನಾವು ಮಾಡಹೊರಟಿರುವ ಹಾಳೆಯಲ್ಲಿ ಈ ಎರಡೂ ಬಗೆಯ ಕತ್ತರಿಕೆ ಬರುತ್ತದೆ. ಒಳಗಿನ ಒಂದೊಂದು ಸ್ಟಿಕರಿಗೂ ಹಾಫ್ ಕಟ್, ಇಡೀ ಹಾಳೆಯ ಹೊರಸುತ್ತಿಗೆ ಫುಲ್ ಕಟ್.

ಕನ್ನಡ ಲಿಪಿಯ ವಿಶೇಷ ತೊಡಕು

ಯಂತ್ರದ ತಂತ್ರಾಂಶಗಳೊಂದಿಗೆ ಬರುವ ಸಿದ್ಧ ಮಾದರಿಗಳು ಇಂಗ್ಲಿಷ್ ಅಕ್ಷರಗಳನ್ನು ಗಮನದಲ್ಲಿಟ್ಟು ಮಾಡಿದವು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಮರಾಠಿಯಲ್ಲಿ ಇಂತಹ ಸ್ಟಿಕರ್ ಮಾಡುವವರಿಗೆ ಒಂದು ಅನುಕೂಲವಿದೆ: ದೇವನಾಗರಿಯ ಶಿರೋರೇಖೆ ಪದದ ಅಕ್ಷರಗಳನ್ನು ಮೇಲಿನಿಂದ ಜೋಡಿಸಿಯೇ ಇಡುತ್ತದೆ. ಕನ್ನಡದ ತಲೆಕಟ್ಟು ಹಾಗಲ್ಲ. ಅದು ಆಯಾ ಅಕ್ಷರದ ಸ್ವಂತ ಆಸ್ತಿ, ಪಕ್ಕದ ಅಕ್ಷರದ ಕೈ ಹಿಡಿಯುವುದಿಲ್ಲ. ಅಷ್ಟೇ ಅಲ್ಲದೆ ಒತ್ತಕ್ಷರ ಕೆಳಗೆ ತೂಗುತ್ತದೆ, ಮತ್ತು ಬಹಳ ಅಕ್ಷರವಿನ್ಯಾಸಗಳಲ್ಲಿ ಅದು ಮೇಲಿನ ಅಕ್ಷರವನ್ನು ಮುಟ್ಟುವುದೇ ಇಲ್ಲ. ‘ವಿಜ್ಞಾನ’ವನ್ನು ಅಲಗಿನ ಕಣ್ಣಿನಿಂದ ನೋಡಿದರೆ ಅಲ್ಲಿರುವುದು ಒಂದು ಪದವಲ್ಲ, ‘ವಿ’, ‘ಜಾ’, ಅದರ ಕೆಳಗಿನ ‘ಞ’ ಒತ್ತು, ‘ನ’ ಎಂಬ ನಾಲ್ಕು ದ್ವೀಪಗಳು. ರಾಯದುರ್ಗ, ಮಡಕಶಿರದ ಕಡೆಯ ಓದುಗರಿಗೆ ಇದು ಹೊಸತಲ್ಲ, ತೆಲುಗಿಗೂ ಇದೇ ಸಮಸ್ಯೆ.

ಅಕ್ಷರದ ಅಂಚಿನಲ್ಲಿಯೇ ಅಲಗನ್ನು ಓಡಿಸಿದರೆ ನಾಲ್ಕು ತುಂಡುಗಳು ಸಿಗುತ್ತವೆ. ಮಗು ಸ್ಟಿಕರ್ ಎಬ್ಬಿಸಿದಾಗ ‘ವಿಜಾನ’ ಕೈಗೆ ಬಂದು ಒತ್ತು ಹಾಳೆಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಅಕ್ಷರಗಳ ಸುತ್ತಲೂ ಸಮಾನ ದೂರದಲ್ಲಿ ಇನ್ನೊಂದು ರೇಖೆಯನ್ನು ಎಳೆದು, ಆ ರೇಖೆಯ ಮೇಲೆ ಕತ್ತರಿಸಬೇಕು. ಈ ದೂರವನ್ನೇ ಆಫ್‌ಸೆಟ್ ಎನ್ನುವುದು. ಎರಡು ದ್ವೀಪಗಳ ಸುತ್ತ ಬೆಳೆದ ಅಂಚುಗಳು ನಡುವೆ ಸಂಧಿಸಿದರೆ ಅವು ಒಂದೇ ತುಂಡಾಗುತ್ತವೆ. ಸಂಧಿಸದಿದ್ದರೆ ಬೇರೆಯಾಗಿಯೇ ಉಳಿಯುತ್ತವೆ.

ಎಷ್ಟು ಬೆಳೆಸಬೇಕು? ಎರಡು ಕಡೆಯಿಂದಲೂ ಅಂಚು ಬೆಳೆಯುವುದರಿಂದ, ನಡುವಿನ ಸಂದಿಯ ಅರ್ಧಕ್ಕಿಂತ ಹೆಚ್ಚಾದರೆ ಸೇರಿಕೊಳ್ಳುತ್ತವೆ ಎಂಬುದು ಸುಲಭದ ಮೊದಲ ಉತ್ತರ. ಅಕ್ಷರಗಳ ನಡುವೆ 2 ಮಿ.ಮೀ. ಸಂದಿಯಿದ್ದರೆ 1 ಮಿ.ಮೀ. ಆಫ್‌ಸೆಟ್‌ನಲ್ಲಿ ಅಂಚುಗಳು ಒಂದನ್ನೊಂದು ಮುಟ್ಟುತ್ತವೆ. ಆದರೆ ಮುಟ್ಟುವುದೇ ಬೇರೆ, ಗಟ್ಟಿಯಾಗಿ ಸೇರುವುದೇ ಬೇರೆ. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಎರಡು ದುಂಡುಗಳು ಸೇರುವ ಜಾಗದಲ್ಲಿ ಒಂದು ಕುತ್ತಿಗೆ ಉಂಟಾಗುತ್ತದೆ. ಆ ಕುತ್ತಿಗೆ ಸಣ್ಣದಾದರೆ ಸ್ಟಿಕರ್ ಎಬ್ಬಿಸುವಾಗ ಅಲ್ಲಿಯೇ ಹರಿಯುತ್ತದೆ.

ಇದನ್ನು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯದಿಂದಲೇ ಲೆಕ್ಕ ಹಾಕಬಹುದು. ಎರಡು ಅಕ್ಷರಗಳ ಎದುರುಬದುರಾದ ಅಂಚುಗಳು 3 ಮಿ.ಮೀ. ತ್ರಿಜ್ಯದ ವೃತ್ತಗಳೆಂದೂ ನಡುವಿನ ಸಂದಿ 2 ಮಿ.ಮೀ. ಎಂದೂ ಇಟ್ಟುಕೊಳ್ಳೋಣ. ಆಗ ಒಂದೊಂದು ಕೇಂದ್ರದಿಂದ ಸಂದಿಯ ನಡುವಿಗೆ 4 ಮಿ.ಮೀ. ಆಫ್‌ಸೆಟ್ 1 ಮಿ.ಮೀ. ಆದರೆ ಬೆಳೆದ ವೃತ್ತದ ತ್ರಿಜ್ಯವೂ 4. ಎರಡೂ ಒಂದು ಬಿಂದುವಿನಲ್ಲಿ ಮುಟ್ಟುತ್ತವೆ, ಕುತ್ತಿಗೆಯ ಅಗಲ ಸೊನ್ನೆ. ಆಫ್‌ಸೆಟ್ 1.2 ಮಿ.ಮೀ. ಆದರೆ ಕುತ್ತಿಗೆ ಸುಮಾರು 2.5 ಮಿ.ಮೀ. ಆಗುತ್ತದೆ. 2 ಮಿ.ಮೀ. ಆದರೆ ತ್ರಿಜ್ಯ 5. ಮೂರು, ನಾಲ್ಕು, ಐದರ ತ್ರಿಕೋನದಂತೆ ಕುತ್ತಿಗೆಯ ಅರ್ಧ 3, ಪೂರ್ತಿ 6 ಮಿ.ಮೀ. ಸೊನ್ನೆಯಿಂದ ಆರಕ್ಕೆ ಬರಲು ಬೇಕಾದದ್ದು ಒಂದೇ ಒಂದು ಮಿಲಿಮೀಟರ್. ಕಣ್ಣಳತೆಯಲ್ಲಿ 1 ಮಿ.ಮೀ. ಅಂಚು ಸಾಕೆನಿಸಿದ ಹಾಳೆ ಕೈಯಲ್ಲಿ ಹರಿಯುವುದಕ್ಕೂ, 2 ಮಿ.ಮೀ. ಅಂಚಿನ ಹಾಳೆ ಒಂದೇ ತುಂಡಾಗಿ ಏಳುವುದಕ್ಕೂ ಕಾರಣ ಇದೇ.

2 ಮಿ.ಮೀ. ಅಂಚಿಗೆ ಇನ್ನೊಂದು ಸಮರ್ಥನೆಯೂ ಇದೆ. ಮುದ್ರಣವಾದ ಜಾಗಕ್ಕೂ ಅಲಗು ಸಾಗುವ ಜಾಗಕ್ಕೂ ಸ್ವಲ್ಪ ವ್ಯತ್ಯಾಸ ಬರುವುದು ಮನೆಯ ಯಂತ್ರಗಳಲ್ಲಿ ತಪ್ಪಿದ್ದಲ್ಲ. ಅರ್ಧ ಮಿಲಿಮೀಟರ್ ಜಾರಿತೆನ್ನೋಣ. ಅಂಚು 2 ಇದ್ದಲ್ಲಿ ಒಂದು ಬದಿ ಒಂದೂವರೆ, ಇನ್ನೊಂದು ಬದಿ ಎರಡೂವರೆ ಆಗುತ್ತದೆ, ಯಾರೂ ಗಮನಿಸುವುದಿಲ್ಲ. ಅಂಚು ಅರ್ಧವೇ ಇದ್ದಲ್ಲಿ ಒಂದು ಬದಿ ಅಲಗು ಅಕ್ಷರಕ್ಕೇ ತಾಗುತ್ತದೆ, ಮಗುವೂ ತಪ್ಪನ್ನು ತೋರಿಸಿಕೊಡುತ್ತದೆ.

ರೇಖೆಯನ್ನು ರೂಪಿಸುವ ಬಗೆ

ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಪುಟವನ್ನು ಎ4 ಅಳತೆಗೂ ಮಾನವನ್ನು ಮಿಲಿಮೀಟರಿಗೂ ಹೊಂದಿಸಿ, ಪದವನ್ನು ಯೂನಿಕೋಡ್ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಬೇಕು. ಬಲೂ ತಮ್ಮ ಎಂಬ ದಪ್ಪನೆಯ, ದುಂಡು ಅಂಚಿನ ವಿನ್ಯಾಸ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ನೋಟೋ ಸಾನ್ಸ್ ಕನ್ನಡವೂ ಆಗಬಹುದು. ಎರಡೂ ಮುಕ್ತ ಪರವಾನಗಿಯವು, ಅವುಗಳಿಂದ ಮುದ್ರಿಸಿದ್ದನ್ನು ಮಾರಲು ಅಡ್ಡಿಯಿಲ್ಲ. (ಮಕ್ಕಳು ಕೇಳುವರೆಂದು ದೂರದರ್ಶನದ ಕಾರ್ಟೂನ್ ಗೊಂಬೆಗಳನ್ನು ಪಕ್ಕದಲ್ಲಿ ಸೇರಿಸಿ ಮಾರುವುದು ಹಾಗಲ್ಲ, ಅವುಗಳಿಗೆ ಹಕ್ಕುದಾರರಿದ್ದಾರೆ.)

ಪದ ಸಿದ್ಧವಾದ ಮೇಲೆ ಅದನ್ನು ಅಕ್ಷರದ ಸ್ಥಿತಿಯಿಂದ ಬರಿಯ ರೇಖೆಯ ಸ್ಥಿತಿಗೆ ತರಬೇಕು. `Path > Object to Path` ಆಜ್ಞೆ ಅದನ್ನು ಮಾಡುತ್ತದೆ. ಈ ಹೆಜ್ಜೆಯನ್ನು ಬಿಡಲೇಬಾರದು. ಪೇಟೆಯ ಅಂಗಡಿಗಳ ಗಣಕಗಳಲ್ಲಿ ನಮ್ಮ ಅಕ್ಷರವಿನ್ಯಾಸ ಇರುವುದಿಲ್ಲ. ಕೇರಳ, ತಮಿಳುನಾಡು, ಮಹಾರಾಷ್ಟ್ರದ ಅಂಗಡಿಗಳಲ್ಲಂತೂ ಕನ್ನಡದ ಯಾವ ವಿನ್ಯಾಸವೂ ಇಲ್ಲದಿರಬಹುದು. ಅಲ್ಲಿ ಕಡತ ತೆರೆದಾಗ ಒತ್ತಕ್ಷರ ಬಿಡಿಸಿಕೊಂಡು ‘ವಿಜ್‌ಞಾನ’ ಎಂದಾಗುವುದು, ಇಲ್ಲವೆ ಬರಿಯ ಚೌಕಗಳು ಕಾಣುವುದು ಈ ಕಾರಣದಿಂದಲೇ. ಕನ್ನಡ ಓದಲು ಬಾರದ ಕೆಲಸಗಾರನಿಗೆ ಆ ತಪ್ಪು ತಪ್ಪೆಂದು ತಿಳಿಯುವ ದಾರಿಯೂ ಇಲ್ಲ. ರೇಖೆಯಾದ ಮೇಲೆ ಅದು ಚಿತ್ರದಂತೆ, ಎಲ್ಲಿ ತೆರೆದರೂ ಹಾಗೆಯೇ ಇರುತ್ತದೆ.

ಆಮೇಲೆ `Object > Ungroup` ಮಾಡಿ, ಎಲ್ಲವನ್ನೂ ಆಯ್ದು `Path > Union` ಮಾಡಬೇಕು. ಗುಣಿತ ಚಿಹ್ನೆಗಳೂ ಒತ್ತುಗಳೂ ಕೆಲವೆಡೆ ಮೂಲ ಅಕ್ಷರದ ಮೇಲೆ ಹಾಯ್ದಿರುತ್ತವೆ. ಈ ಆಜ್ಞೆ ಅವುಗಳ ಒಳಗೆರೆಗಳನ್ನು ಅಳಿಸಿ ಹೊರಸುತ್ತನ್ನು ಮಾತ್ರ ಉಳಿಸುತ್ತದೆ. ಈಗ ಇದರ ಒಂದು ನಕಲು ತೆಗೆದು ಬೇರೆ ಪದರದಲ್ಲಿ ಇಡಿ. ಮೂಲ ಪದ ಮುದ್ರಣಕ್ಕೆ, ನಕಲು ಕತ್ತರಿಕೆಗೆ. ಎರಡನ್ನೂ ಒಂದೇ ಪದರದಲ್ಲಿಟ್ಟರೆ ಕತ್ತರಿಕೆಯ ತೆಳುಗೆರೆಯೂ ಮುದ್ರಣವಾಗಿ ಸ್ಟಿಕರಿನ ಅಂಚಿನಲ್ಲಿ ಗುಲಾಬಿ ಕೂದಲಿನಂತೆ ಕಾಣಿಸಿಕೊಳ್ಳುತ್ತದೆ.

ಅಂಚು ಬೆಳೆಸುವ ಆಜ್ಞೆ `Path > Outset`, ಕುಗ್ಗಿಸುವುದು `Path > Inset`. ಒಂದು ಸಲಕ್ಕೆ ಎಷ್ಟು ಎಂಬುದನ್ನು `Preferences > Behavior > Steps` ಎಂಬಲ್ಲಿ 1 ಮಿ.ಮೀ. ಎಂದು ನಿಗದಿಪಡಿಸಿ, ರೇಖೆಯ ತಿರುವಿನ ಬಗೆಯನ್ನು ದುಂಡು ಎಂದು ಆಯ್ದುಕೊಳ್ಳಿ. ಚೂಪು ಮೂಲೆ ಬೇಡವೆನ್ನುವುದಕ್ಕೆ ಕಾರಣ ಅಂದ ಮಾತ್ರವಲ್ಲ. ಈ ಯಂತ್ರಗಳ ಅಲಗು ಪೆನ್ನಿನಂತೆ ನೇರ ನಿಲ್ಲದೆ ಗಾಡಿಯ ಹಿಂದಿನ ಚಕ್ರದಂತೆ ಎಳೆಯಲ್ಪಡುತ್ತದೆ. ಚೂಪು ತಿರುವಿನಲ್ಲಿ ಅದು ಜಾಗದಲ್ಲಿಯೇ ತಿರುಗಬೇಕಾಗಿ ಕಾಗದವನ್ನು ಕೀಳುತ್ತದೆ. ಜೊತೆಗೆ ಪುಸ್ತಕ ಚೀಲಕ್ಕೆ ಹೋಗಿಬರುವಾಗ ಮೊದಲು ಏಳುವುದು ಚೂಪು ಮೂಲೆಯೇ.

ಈಗ ಎರಡು ಸಲ ಬೆಳೆಸಿದರೆ 2 ಮಿ.ಮೀ. ಸಿಗುತ್ತದೆಯಲ್ಲ ಎನ್ನಬಹುದು. ಸಿಗುತ್ತದೆ, ಆದರೆ ಎರಡು ದುಂಡುಗಳು ಸೇರುವ ಒಳಮೂಲೆ ಚೂಪಾಗಿ, ಗಿಡದ ಕವಲಿನಂತೆ ಉಳಿಯುತ್ತದೆ. ಹೊರಗಿನ ಮೂಲೆಗಳನ್ನು ದುಂಡಾಗಿಸುವ ಆಯ್ಕೆ ಒಳಮೂಲೆಗಳಿಗೆ ಅನ್ವಯಿಸುವುದಿಲ್ಲ. ಹರಿಯುವಿಕೆ ಆರಂಭವಾಗುವುದು ಈ ಕವಲಿನಿಂದ. ಇದಕ್ಕೆ ಪರಿಹಾರ ಸರಳ: ಮೂರು ಸಲ ಬೆಳೆಸಿ ಒಂದು ಸಲ ಕುಗ್ಗಿಸಿ. ಒಟ್ಟು ಅಂಚು 2 ಮಿ.ಮೀ. ಆಗಿಯೇ ಉಳಿಯುತ್ತದೆ, ಆದರೆ ಬೆಳೆಸಿದಾಗ ಮುಚ್ಚಿಹೋದ ಸಣ್ಣ ಸಂದಿಗಳು ಮುಚ್ಚಿಯೇ ಇರುತ್ತವೆ ಮತ್ತು ಒಳಮೂಲೆಗಳು 1 ಮಿ.ಮೀ. ತ್ರಿಜ್ಯದ ಇಳಿಜಾರು ಪಡೆಯುತ್ತವೆ. ಈ ಒಂದು ಉಪಾಯ ಕನ್ನಡದಂತಹ ಲಿಪಿಗೆ ಬೇರೆ ಎಲ್ಲ ಹೊಂದಾಣಿಕೆಗಳಿಗಿಂತ ಹೆಚ್ಚು ಉಪಕಾರಿ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಅಕ್ಷರದ ಹೊಟ್ಟೆ. ‘ರ’ದಂತಹ ಅಕ್ಷರದ ಒಳಗಿನ ಖಾಲಿ ಜಾಗಕ್ಕೂ ಒಂದು ರೇಖೆಯಿರುತ್ತದೆ. ಬೆಳೆಸುತ್ತಾ ಹೋದಂತೆ ಅದು ಕಿರಿದಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಅಕ್ಷರ ದೊಡ್ಡದಾಗಿದ್ದು ಹೊಟ್ಟೆ 6 ಮಿ.ಮೀ. ಗಿಂತ ಅಗಲವಿದ್ದರೆ ಮೂರು ಸಲ ಬೆಳೆಸಿದರೂ ಒಂದು ಪುಟ್ಟ ತೂತು ಉಳಿಯುತ್ತದೆ. ಅಲಗು ಅದನ್ನೂ ಕತ್ತರಿಸುತ್ತದೆ. `Path > Break Apart` ಮಾಡಿ ಒಳಗಿನ ಸಣ್ಣ ರೇಖೆಗಳನ್ನು ಆಯ್ದು ಅಳಿಸಬೇಕು. ಕೊನೆಗೆ ಪದಕ್ಕೊಂದೇ ರೇಖೆ ಉಳಿದಿದೆಯೇ ಎಂದು ನೋಡಿಕೊಳ್ಳಿ. ಆಯ್ದಾಗ ಪರದೆಯ ಕೆಳಗಿನ ಪಟ್ಟಿ ಎಷ್ಟು ರೇಖೆಗಳಿವೆಯೆಂದು ತಿಳಿಸುತ್ತದೆ. ಹನ್ನೆರಡು ಸ್ಟಿಕರಿಗೆ ಹದಿಮೂರು ರೇಖೆ ತೋರಿದರೆ ಎಲ್ಲೋ ಒಂದು ಒತ್ತು ಬೇರೆಯಾಗಿ ಉಳಿದಿದೆ ಎಂದರ್ಥ.

ಹಾಳೆಯ ಮೇಲೆ ಜೋಡಣೆ

ನಮ್ಮ ‘ವಿಜ್ಞಾನ’ ಒತ್ತೂ ಸೇರಿ 44 ಮಿ.ಮೀ. ಅಗಲ, 18 ಮಿ.ಮೀ. ಎತ್ತರವಿದೆ ಎಂದಿಟ್ಟುಕೊಳ್ಳೋಣ. ಸುತ್ತಲೂ 2 ಸೇರಿದರೆ ಸ್ಟಿಕರ್ 48ಕ್ಕೆ 22 ಆಗುತ್ತದೆ. ‘ಗಣಿತ’ಕ್ಕೆ ಒತ್ತಿಲ್ಲ, ಅದು ಗಿಡ್ಡ, ‘ರಸಾಯನಶಾಸ್ತ್ರ’ಕ್ಕೆ ಎರಡು ಒತ್ತು, ಉದ್ದವೂ ಹೆಚ್ಚು, ಅದನ್ನು ಎರಡು ಸಾಲು ಮಾಡಬೇಕು. ಯಾವ ಪದವಾದರೂ 48ಕ್ಕೆ 22ರ ಚೌಕಟ್ಟಿನೊಳಗೆ ನಿಲ್ಲುವಂತೆ ಅಕ್ಷರದ ಗಾತ್ರವನ್ನು ಹೊಂದಿಸಿಕೊಂಡರೆ ಹಾಳೆಯ ಜೋಡಣೆ ಒಂದೇ ಸಲ ಮಾಡುವ ಕೆಲಸವಾಗುತ್ತದೆ. ಗಾತ್ರ ಬದಲಿಸುವುದಾದರೆ ಅಂಚು ಬೆಳೆಸುವ ಮೊದಲೇ ಬದಲಿಸಿ. ಬೆಳೆಸಿದ ಮೇಲೆ ಮುಕ್ಕಾಲು ಪಾಲಿಗೆ ಕುಗ್ಗಿಸಿದರೆ 2 ಮಿ.ಮೀ. ಅಂಚೂ ಒಂದೂವರೆಗೆ ಇಳಿಯುತ್ತದೆ.

ಎ4 ಹಾಳೆ 210ಕ್ಕೆ 297 ಮಿ.ಮೀ. ಸುತ್ತಲೂ 15 ಮಿ.ಮೀ. ಬಿಟ್ಟರೆ ಕೆಲಸಕ್ಕೆ ಉಳಿಯುವುದು 180ಕ್ಕೆ 267. ಹೀಗೆ ಬಿಡುವುದು ದುಂದುಗಾರಿಕೆಯಲ್ಲ. ಆ ಪಟ್ಟಿಯಲ್ಲಿ ಯಂತ್ರದ ಗುರುತುಗಳು ಬರುತ್ತವೆ: ಕೆಲವು ಯಂತ್ರಗಳಲ್ಲಿ ಒಂದು ಮೂಲೆಗೆ ಕಪ್ಪು ಚೌಕ, ಬೇರೆ ಎರಡು ಮೂಲೆಗಳಿಗೆ ಕೋನದ ಗೆರೆಗಳು. ಕತ್ತರಿಸುವ ಮೊದಲು ಯಂತ್ರದ ಬೆಳಕಿನ ಕಣ್ಣು ಇವನ್ನು ಹುಡುಕಿ, ಹಾಳೆ ಎಷ್ಟು ಓರೆಯಾಗಿ ಕುಳಿತಿದೆ ಎಂದು ತಿಳಿದುಕೊಂಡು ರೇಖೆಗಳನ್ನು ಅದಕ್ಕೆ ತಕ್ಕಂತೆ ಸರಿಸುತ್ತದೆ. ಗುರುತಿನ ಸುತ್ತ ತಂತ್ರಾಂಶ ಗೀರು ಹಾಕಿ ತೋರಿಸುವ ಜಾಗದಲ್ಲಿ ಯಾವ ಚಿತ್ರವೂ ಇರಕೂಡದು. ಇದ್ದರೆ ಕಣ್ಣು ಅದನ್ನೇ ಗುರುತೆಂದು ಭ್ರಮಿಸುತ್ತದೆ.

ಉಳಿದ 180ಕ್ಕೆ 267ರಲ್ಲಿ, ನಡುವೆ 7 ಮಿ.ಮೀ. ಬಿಟ್ಟು, 180ಕ್ಕೆ 130ರ ಎರಡು ಮಾರಾಟದ ಹಾಳೆಗಳು ಬರುತ್ತವೆ. ಒಂದೊಂದರ ಒಳಗೂ ಸುತ್ತ 6 ಮಿ.ಮೀ. ಬಿಟ್ಟರೆ 168ಕ್ಕೆ 118. ಸ್ಟಿಕರುಗಳ ನಡುವೆ 4 ಮಿ.ಮೀ. ಸಂದಿಯಿಟ್ಟು ಅಡ್ಡಕ್ಕೆ ಮೂರು ಕೂರಿಸಿದರೆ 152, ಉದ್ದಕ್ಕೆ ನಾಲ್ಕು ಕೂರಿಸಿದರೆ 100. ಹೀಗೆ ಹನ್ನೆರಡು ಸ್ಟಿಕರ್, ಮತ್ತು ಮೇಲೆ ಉಳಿದ 18 ಮಿ.ಮೀ. ಯಲ್ಲಿ ಮಗುವಿನ ಹೆಸರು ಹಾಗೂ ತರಗತಿಯ ಪಟ್ಟಿ. ಆರು ವಿಷಯಗಳಿಗೆ ಎರಡೆರಡು. ಕಾಸರಗೋಡಿನ ಮಗುವಿಗೆ ‘ಮಲಯಾಳಂ’, ಹೊಸೂರಿನ ಮಗುವಿಗೆ ‘ತಮಿಳು’, ಜತ್ತದ ಮಗುವಿಗೆ ‘ಮರಾಠಿ’ ಎಂಬ ಚೀಟಿಯೂ ಬೇಕಾಗುತ್ತದೆ. ಅದನ್ನೂ ಕನ್ನಡ ಅಕ್ಷರದಲ್ಲಿ ಕೇಳುವರೋ ಆಯಾ ಲಿಪಿಯಲ್ಲಿ ಕೇಳುವರೋ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಸಂದಿ 4 ಮಿ.ಮೀ. ಏಕೆ? ಅಂಚು ಬಿಳಿಯಾಗಿದ್ದರೆ ಇದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ಆದರೆ ಅಕ್ಷರದ ಸುತ್ತ ಹಳದಿಯೋ ನೀಲಿಯೋ ಬಣ್ಣ ತುಂಬುವುದಾದರೆ, ಆ ಬಣ್ಣ ಕತ್ತರಿಕೆಯ ರೇಖೆಯಲ್ಲಿ ನಿಲ್ಲದೆ 1 ಮಿ.ಮೀ. ಆಚೆಗೂ ಚಾಚಿರಬೇಕು. ನಿಂತರೆ, ಅಲಗು ಕೂದಲೆಳೆಯಷ್ಟು ಜಾರಿದಾಗ ಒಂದು ಬದಿಯಲ್ಲಿ ಬಿಳಿ ಗೆರೆ ಹೊಳೆಯುತ್ತದೆ. ಎರಡು ನೆರೆಯ ಸ್ಟಿಕರುಗಳ ಬಣ್ಣ ಒಂದೊಂದು ಮಿ.ಮೀ. ಚಾಚಿದರೂ ನಡುವೆ 2 ಮಿ.ಮೀ. ಬಿಳಿ ಉಳಿಯಲಿ ಎಂಬುದು ಈ ನಾಲ್ಕರ ಲೆಕ್ಕ. ಚಾಚಿದ ಬಣ್ಣವನ್ನು ಮಾಡುವುದೂ ಸುಲಭ: ಕತ್ತರಿಕೆಯ ರೇಖೆಯ ನಕಲನ್ನು ಇನ್ನೊಮ್ಮೆ 1 ಮಿ.ಮೀ. ಬೆಳೆಸಿ, ಬಣ್ಣ ತುಂಬಿ, ಮುದ್ರಣದ ಪದರದಲ್ಲಿ ಅಕ್ಷರದ ಕೆಳಗಿಡುವುದು.

ಮನೆಯ ಯಂತ್ರಕ್ಕೆ ಕಳುಹಿಸುವಾಗ ಮುದ್ರಣದ ಪದರ ಚಿತ್ರವಾಗಿಯೂ ಕತ್ತರಿಕೆಯ ಪದರ ರೇಖೆಯ ಕಡತವಾಗಿಯೂ ಬೇರೆ ಬೇರೆ ಹೋಗುತ್ತವೆ. ಎರಡೂ ಪದರಗಳಲ್ಲಿ 180ಕ್ಕೆ 267ರ ಒಂದೇ ಚೌಕಟ್ಟನ್ನು ಎಳೆದಿಟ್ಟರೆ, ಅಲ್ಲಿ ತೆರೆದಾಗ ಒಂದರ ಮೇಲೊಂದು ಕೂರಿಸಿ ನೋಡಬಹುದು; ಅಗಲ 180 ಎಂದು ತೋರದಿದ್ದರೆ ಗಾತ್ರ ದಾರಿಯಲ್ಲಿ ಬದಲಾಗಿದೆ. ನೋಡಿದ ಮೇಲೆ ಚೌಕಟ್ಟನ್ನು ಅಳಿಸಿಬಿಡಿ. ಅಂಗಡಿಗೆ ಕೊಡುವಾಗ ಪಿಡಿಎಫ್ ಒಂದೇ ಸಾಕು. ದೊಡ್ಡ ಯಂತ್ರಗಳಲ್ಲಿ ರೋಲ್ಯಾಂಡ್ ಕಂಪನಿಯವು ಕತ್ತರಿಕೆಯ ರೇಖೆಯನ್ನು ಅದರ ಬಣ್ಣದ ಹೆಸರಿನಿಂದ ಗುರುತಿಸುತ್ತವೆ. ಹಾಫ್ ಕಟ್‌ಗೆ `CutContour`, ಹಾಳೆಯ ಹೊರಸುತ್ತಿಗೆ `PerfCutContour` ಎಂಬ ಬಣ್ಣದ ಹೆಸರನ್ನು ಅಕ್ಷರಕ್ಷರ ಹೀಗೆಯೇ ಕೊಡಬೇಕು. ಬೇರೆ ಯಂತ್ರಗಳ ಹೆಸರುಗಳು ಬೇರೆ, ಅಂಗಡಿಯವರನ್ನು ಕೇಳಿಕೊಳ್ಳಬೇಕು.

ಮುದ್ರಣ, ಅಲಗು ಮತ್ತು ತಪ್ಪಿನ ಪತ್ತೆ

ಮುದ್ರಿಸುವಾಗ ಗಾತ್ರ 100% ಎಂದಿರಬೇಕು. `Fit to page` ಎಂಬ ಆಯ್ಕೆ ಇದ್ದರೆ ಮುದ್ರಕ ತನ್ನ ಅನುಕೂಲಕ್ಕೆ ಹಾಳೆಯನ್ನು ಕುಗ್ಗಿಸುತ್ತದೆ. ಮೂಲೆಯೊಂದರಲ್ಲಿ 100 ಮಿ.ಮೀ. ಉದ್ದದ ಗೆರೆಯಿಟ್ಟು ಸಾದಾ ಕಾಗದದ ಮೇಲೆ ಮೊದಲ ಪ್ರತಿ ತೆಗೆದು ಅಳತೆಪಟ್ಟಿಯಿಂದ ಅಳೆಯಿರಿ. 97 ಬಂದರೆ ತಪ್ಪು ಯಂತ್ರದ್ದಲ್ಲ, ಆ ಆಯ್ಕೆಯದು.

ಹಾಳೆಯ ಆಯ್ಕೆಯ ಬಗ್ಗೆ ಎರಡೇ ಮಾತು. ಸಾದಾ ಗಮ್ಮಿಂಗ್ ಶೀಟಿನ ಮೇಲೆ ಇಂಕ್‌ಜೆಟ್ ಮುದ್ರಿಸಿದರೆ ನೀರು ತಾಗಿದಾಗ ಬಣ್ಣ ಹರಡಬಹುದು; ಶಾಲೆ ತೆರೆಯುವುದು ಮಳೆಗಾಲದ ಬಾಗಿಲಲ್ಲಿ ಎಂಬುದನ್ನು ಮರೆಯಬಾರದು. ಮೇಲೆ ಕೋಲ್ಡ್ ಲ್ಯಾಮಿನೇಷನ್ ಪದರ ಅಂಟಿಸಿದರೆ ತಡೆಯುತ್ತದೆ. ಲೇಸರ್ ಮುದ್ರಕಕ್ಕೆ ಲೇಸರಿಗೆಂದೇ ತಯಾರಾದ ಹಾಳೆ ಬೇಕು, ಇಲ್ಲವಾದರೆ ಒಳಗಿನ ಬಿಸಿಗೆ ಅಂಟು ಕರಗಿ ಯಂತ್ರಕ್ಕೆ ಮೆತ್ತಿಕೊಳ್ಳುವ ಅಪಾಯವಿದೆ. ಲ್ಯಾಮಿನೇಷನ್ ಹಾಕುವುದು ಮುದ್ರಣದ ನಂತರ, ಕತ್ತರಿಕೆಯ ಮೊದಲು. ಹೊಳಪಿನ ಪದರವಾದರೆ ಮೂಲೆಯ ಗುರುತುಗಳ ಮೇಲೆ ಅದು ಬಾರದಂತೆ ಕತ್ತರಿಸಿ ಬಿಡಿ. ಹೊಳಪು ಬೆಳಕನ್ನು ಹಿಂದಕ್ಕೆ ಎಸೆದು ಯಂತ್ರದ ಕಣ್ಣನ್ನು ಕುಕ್ಕುತ್ತದೆ, ಯಂತ್ರ ಗುರುತು ಸಿಗಲಿಲ್ಲವೆಂದು ನಿಂತುಬಿಡುತ್ತದೆ.

ಅಲಗಿನ ಆಳವನ್ನು ಯಾವ ಕೋಷ್ಟಕವೂ ಸರಿಯಾಗಿ ಹೇಳಲಾರದು, ಏಕೆಂದರೆ ಹಾಳೆಯಿಂದ ಹಾಳೆಗೆ ದಪ್ಪ ಬೇರೆ, ಅಲಗು ಸವೆದಂತೆ ಒತ್ತಡವೂ ಬೇರೆ. ಹೊಸ ಕಟ್ಟು ಬಿಚ್ಚಿದಾಗಲೆಲ್ಲ ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ ಕತ್ತರಿಸಿ ನೋಡಬೇಕು. ಕಡಿಮೆ ಒತ್ತಡದಿಂದ ಆರಂಭಿಸಿ ಏರಿಸುತ್ತಾ ಹೋಗಿ. ತ್ರಿಕೋನ ಉಗುರಿಗೆ ಸಲೀಸಾಗಿ ಏಳಬೇಕು. ಹಾಳೆಯನ್ನು ತಿರುಗಿಸಿದರೆ ಹಿಂಬದಿಯಲ್ಲಿ ಒತ್ತಿದ ಗುರುತು ನಸುವಾಗಿ ಕಾಣಬೇಕು, ಸೀಳು ಕಾಣಬಾರದು. ಮೂಲೆಗಳು ಎಳೆಎಳೆಯಾಗಿ ಹಿಡಿದುಕೊಂಡಿದ್ದರೆ ಆಳ ಸಾಲದು. ಹಾಳೆಯನ್ನು ಬಾಗಿಸಿದಾಗ ಸ್ಟಿಕರ್ ಹಿಂಬದಿಯ ಕಾಗದದೊಂದಿಗೆ ಕಳಚಿಕೊಂಡರೆ ಆಳ ಹೆಚ್ಚಾಗಿದೆ. ಅಂತಹದನ್ನು ಮಗು ಎಬ್ಬಿಸಲಾರದು, ಎರಡೂ ಪದರ ಒಟ್ಟಿಗೆ ಬರುತ್ತವೆ.

ಎಲ್ಲ ಹಾಫ್ ಕಟ್‌ಗಳು ಮುಗಿದ ಮೇಲೆಯೇ ಹೊರಸುತ್ತಿನ ಫುಲ್ ಕಟ್. ಮೊದಲೇ ಹೊರಸುತ್ತು ಕತ್ತರಿಸಿದರೆ ಹಾಳೆ ಸಡಿಲಗೊಂಡು ಒಳಗಿನ ಕೆಲಸ ಜಾರುತ್ತದೆ. ಫುಲ್ ಕಟ್‌ಗೆ ಹಾಳೆಯ ಕೆಳಗೆ ಯಂತ್ರದ ಅಂಟುಚಾಪೆ ಇರಲೇಬೇಕು. ನಿಜ ಹೇಳುವುದಾದರೆ, ನೇರ ಅಂಚಿನ ಹಾಳೆಯಾದರೆ ಕೈಯ ಪೇಪರ್ ಕಟರಿನಿಂದ ಕತ್ತರಿಸುವುದೇ ವೇಗ; ಅಲಗಿನ ಆಯುಸ್ಸೂ ಉಳಿಯುತ್ತದೆ.

ರೇಖೆ ಜಾರಿದಾಗ ಅದು ಹೇಗೆ ಜಾರಿದೆ ಎಂಬುದನ್ನು ನೋಡಿದರೆ ಕಾರಣ ಅರ್ಧ ತಿಳಿದಂತೆ. ಹನ್ನೆರಡೂ ಸ್ಟಿಕರುಗಳು ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಯಂತ್ರದ ಕಣ್ಣಿಗೂ ಅಲಗಿಗೂ ನಡುವಿನ ದೂರ ತಪ್ಪಾಗಿದೆ, ತಂತ್ರಾಂಶದ ಕ್ಯಾಲಿಬ್ರೇಷನ್ ಆಯ್ಕೆಯಿಂದ ಸರಿಪಡಿಸಬಹುದು. ಮೇಲಿನ ಸಾಲು ಸರಿಯಿದ್ದು ಕೆಳಗಿಳಿದಂತೆ ಜಾರುವಿಕೆ ಹೆಚ್ಚಾಗಿದ್ದರೆ ಗಾತ್ರ ಬದಲಾಗಿದೆ ಅಥವಾ ಹಾಳೆ ಓರೆಯಾಗಿದೆ. ಒಂದು ಅತ್ತ, ಇನ್ನೊಂದು ಇತ್ತ ಎಂಬಂತಿದ್ದರೆ ರೋಲರುಗಳು ಹಾಳೆಯನ್ನು ಬಿಗಿಯಾಗಿ ಹಿಡಿದಿಲ್ಲ. ಚಾಪೆಯ ಅಂಟು ಒಣಗಿರಬಹುದು, ಅಥವಾ ಲ್ಯಾಮಿನೇಷನ್ ಮಾಡಿದ ಹಾಳೆ ಸುರುಳಿಯಾಗಿರಬಹುದು.

ಈ ಪರೀಕ್ಷೆಗಳಿಗೆ ಹೋಗುವ ಹಾಳೆಗಳನ್ನೂ ಬೆಲೆಯಲ್ಲಿ ಸೇರಿಸಬೇಕು. ಹಾಳೆ, ಶಾಯಿ, ಲ್ಯಾಮಿನೇಷನ್, ಕತ್ತರಿಕೆ ಸೇರಿ ಒಂದು ಎ4ಗೆ 40 ರೂಪಾಯಿ ತಗಲುತ್ತದೆ ಎಂದು ಊಹಿಸಿ. ಐದರಲ್ಲಿ ಒಂದು ಹಾಳಾದರೆ, ಐದಕ್ಕೆ ಕೊಟ್ಟ 200 ರೂಪಾಯಿ ನಾಲ್ಕರ ಮೇಲೆ ಬಿದ್ದು ಒಂದಕ್ಕೆ 50 ಆಗುತ್ತದೆ. ಎರಡು ಮಾರಾಟದ ಹಾಳೆಗಳಲ್ಲಿ ಹಂಚಿದರೆ ಒಂದೊಂದರ ಅಸಲು 25. ಹಾಳಾದದ್ದನ್ನು ಎಣಿಸದೆ ಅಸಲು 20 ಎಂದು ತಿಳಿದವರು, 25ಕ್ಕೆ ಮಾರಿ ಹಾಳೆಗೆ ಐದು ರೂಪಾಯಿ ಉಳಿಯಿತೆಂದುಕೊಂಡರೂ ಕೈಗೆ ಏನೂ ಬಂದಿರುವುದಿಲ್ಲ. ತಮ್ಮ ದುಡಿಮೆಯ ಕೂಲಿ ಇನ್ನೂ ಇದರ ಮೇಲೆ ಸೇರಬೇಕು.

ಮೊದಲ ಹಾಳೆಯನ್ನು ಮಾರುವ ಮುನ್ನ ಮನೆಯ ಮಗುವಿನ ಕೈಗೆ ಕೊಡಿ. ದೊಡ್ಡವರು ಉಗುರಿನಿಂದ ಜೋಪಾನವಾಗಿ ಎಬ್ಬಿಸುವ ಸ್ಟಿಕರನ್ನು ಮಗು ಒಂದೇ ಸೆಳೆತಕ್ಕೆ ಕಿತ್ತು ತೆಗೆಯುತ್ತದೆ. ‘ಜ್ಞಾ’ದ ಕೆಳಗಿನ ಒತ್ತು ಆ ಸೆಳೆತಕ್ಕೂ ಜೊತೆಯಲ್ಲಿಯೇ ಬಂದರೆ ಅದೇ ಅಂಚನ್ನು ಉಳಿದ ಪದಗಳಿಗೂ ಇಟ್ಟುಕೊಳ್ಳಬಹುದು, ಬಾರದಿದ್ದರೆ ನಾಲ್ಕು ಸಲ ಬೆಳೆಸಿ ಎರಡು ಸಲ ಕುಗ್ಗಿಸಿ ಇನ್ನೊಂದು ಹಾಳೆ ತೆಗೆದು ನೋಡಬೇಕು.